ನೂರು ಮನೆಯ ಹ್ಯಾಶ್ ಟೇಬಲ್ ತೊಂಬತ್ತೇಳಕ್ಕೆ ಇಳಿದದ್ದು: ಒಂದು ಲ್ಯಾಬ್ ಪ್ರೋಗ್ರಾಂ ದುರಸ್ತಿಯ ದಾಖಲೆ

ವಿಟಿಯು ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನ ಕೊನೆಯ ಪ್ರೋಗ್ರಾಂ ಹ್ಯಾಶಿಂಗ್‌ಗೆ ಸಂಬಂಧಿಸಿದ್ದು. ಉದ್ಯೋಗಿಗಳ ದಾಖಲೆಗಳಿಗೆ ನಾಲ್ಕು ಅಂಕಿಯ ಕೀ ಇರುತ್ತದೆ, ಟೇಬಲಿನ ವಿಳಾಸಗಳು ಎರಡು ಅಂಕಿಯವು, ಹ್ಯಾಶ್ ಫಂಕ್ಷನ್ `H(K) = K mod m`, ಎರಡು ಕೀಗಳು ಒಂದೇ ವಿಳಾಸಕ್ಕೆ ಬಂದರೆ ಲೀನಿಯರ್ ಪ್ರೋಬಿಂಗ್‌ನಿಂದ, ಎಂದರೆ ಖಾಲಿ ಜಾಗ ಸಿಗುವವರೆಗೆ ಒಂದೊಂದೇ ಸ್ಥಾನ ಮುಂದೆ ಸರಿಯುತ್ತ, ಪರಿಹರಿಸಬೇಕು. ನನ್ನ ಕೈಗೆ ಸಿಕ್ಕಿದ್ದು ಹಿಂದಿನ ಬ್ಯಾಚುಗಳ ರೆಕಾರ್ಡ್ ಪುಸ್ತಕಗಳಿಂದ ನಕಲಾಗುತ್ತ ಬಂದ ಒಂದು ಪ್ರತಿ. ಅದರಲ್ಲಿ ಟೇಬಲಿನ ಗಾತ್ರ `m` ನೂರು ಎಂದು ಇತ್ತು. ಅದನ್ನು ಸರಿಪಡಿಸುತ್ತ ಹೋದಂತೆ ಲೋಡ್ ಫ್ಯಾಕ್ಟರ್ ಎಂದರೇನು, ರೀಹ್ಯಾಶಿಂಗ್ ಎಂದರೇನು, ಟೇಬಲಿನ ಗಾತ್ರ ಅವಿಭಾಜ್ಯ ಸಂಖ್ಯೆ ಏಕಾಗಿರಬೇಕು ಎಂಬ ಪರೀಕ್ಷೆಯ ಮೂರು ಕಿರು ಪ್ರಶ್ನೆಗಳಿಗೂ ಉತ್ತರ ಅದೇ ಕೋಡಿನಿಂದ ಒಂದರ ಹಿಂದೊಂದು ಹೊರಬಂದುದರಿಂದ, ಮಾಡಿದ ಕೆಲಸವನ್ನು ಅದೇ ಕ್ರಮದಲ್ಲಿ ಬರೆದಿಡುತ್ತಿದ್ದೇನೆ. ಟೇಬಲಿನ ಒಂದೊಂದು ಸ್ಥಾನವನ್ನು ಚೌಕಾಬಾರದ ಹಾಗೆ ‘ಮನೆ’ ಎಂದೂ, ಹ್ಯಾಶ್ ಫಂಕ್ಷನ್ ಮೊದಲು ತೋರಿಸುವ ಸ್ಥಾನವನ್ನು ಆ ಕೀಯ ‘ಮೂಲ ಮನೆ’ ಎಂದೂ ಕರೆಯುತ್ತೇನೆ.

ಮೊದಲ ದೋಷ: ನಿಂತುಹೋಗುವ ಪ್ರೋಗ್ರಾಂ

ಹಳೆಯ ಪ್ರತಿಯಲ್ಲಿ ಕೀಯನ್ನು ಸೇರಿಸುವ ಭಾಗ ಇಷ್ಟೇ ಇತ್ತು. ಖಾಲಿ ಮನೆಯ ಗುರುತು -1.

```c
int i = key % m;
while (ht[i] != -1)
    i = (i + 1) % m;
ht[i] = key;
```

ಪರೀಕ್ಷೆಗೆಂದು `m` ಅನ್ನು 5 ಮಾಡಿ ಆರು ಕೀಗಳನ್ನು ಕೊಟ್ಟೆ. ಐದು ಸೇರಿದವು, ಆರನೆಯದಕ್ಕೆ ಪರದೆಯ ಮೇಲೆ ಏನೂ ಬರಲಿಲ್ಲ, ಪ್ರೋಗ್ರಾಂ ಮುಗಿಯಲೂ ಇಲ್ಲ. ಖಾಲಿ ಮನೆ ಸಿಗುವವರೆಗೆ ಮುಂದೆ ಹೋಗು ಎಂದು ಲೂಪಿಗೆ ಹೇಳಿದ್ದೇವೆ, ಖಾಲಿ ಮನೆಯೇ ಇಲ್ಲದಿದ್ದಾಗ ಅದು ಸುತ್ತುತ್ತಲೇ ಇರುತ್ತದೆ. ಹುಡುಕುವ ಭಾಗದಲ್ಲಿಯೂ ಇದೇ ದೋಷ ಅಡಗಿತ್ತು: ತುಂಬಿದ ಟೇಬಲಿನಲ್ಲಿ ಇಲ್ಲದ ಕೀಯನ್ನು ಹುಡುಕಿದರೆ ‘ಇಲ್ಲ’ ಎಂದು ಹೇಳಲು ಬೇಕಾದ ಖಾಲಿ ಮನೆ ಎದುರಾಗುವುದೇ ಇಲ್ಲ. ಲೀನಿಯರ್ ಪ್ರೋಬಿಂಗ್‌ನಲ್ಲಿ ಖಾಲಿ ಮನೆ ಹುಡುಕಾಟವನ್ನು ನಿಲ್ಲಿಸುವ ಗುರುತೂ ಆಗಿದೆ. ಆದುದರಿಂದ ಕನಿಷ್ಠ ಒಂದಾದರೂ ಖಾಲಿಯಾಗಿ ಉಳಿಯಲೇಬೇಕು.

ಎಷ್ಟು ಕೀಗಳಿವೆ ಎಂದು ಎಣಿಸುವ `n` ಎಂಬ ಚರಾಂಶವನ್ನು ಸೇರಿಸಿದೆ. ಆದರೆ ಟೇಬಲ್ ಪೂರ್ತಿ ತುಂಬಿದಾಗ ಮಾತ್ರ ತಡೆಯುವುದು ತಡವಾದ ಕ್ರಮ, ಏಕೆಂದರೆ ನಿಂತುಹೋಗುವುದಕ್ಕೆ ಬಹಳ ಮೊದಲೇ ಟೇಬಲ್ ನಿಧಾನವಾಗಿರುತ್ತದೆ. ಎಷ್ಟು ನಿಧಾನ ಎಂಬುದನ್ನು ಹೇಳುವ ಅಳತೆಯೇ ಲೋಡ್ ಫ್ಯಾಕ್ಟರ್: ಟೇಬಲಿನಲ್ಲಿರುವ ಕೀಗಳ ಸಂಖ್ಯೆಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಮೌಲ್ಯ, `α = n / m`. ಕೀಗಳು ಟೇಬಲಿನಲ್ಲಿ ಚೆನ್ನಾಗಿ ಹರಡಿವೆ ಎಂದು ಇಟ್ಟುಕೊಂಡರೆ, ಲೀನಿಯರ್ ಪ್ರೋಬಿಂಗ್‌ನಲ್ಲಿ ಸರಾಸರಿ ಎಷ್ಟು ಮನೆಗಳನ್ನು ನೋಡಬೇಕಾಗುತ್ತದೆ ಎಂಬುದಕ್ಕೆ ಎರಡು ಅಂದಾಜು ಸೂತ್ರಗಳಿವೆ. ಮೊದಲನೆಯದು ಇರುವ ಕೀಯನ್ನು ಹುಡುಕುವುದಕ್ಕೆ, ಎರಡನೆಯದು ಇಲ್ಲದ ಕೀಯನ್ನು ಹುಡುಕುವುದಕ್ಕೆ ಅಥವಾ ಹೊಸ ಕೀಯನ್ನು ಸೇರಿಸುವುದಕ್ಕೆ.

```
½ (1 + 1/(1 − α))
½ (1 + 1/(1 − α)²)
```

`α` 0.5 ಇದ್ದಾಗ ಇವು 1.5 ಮತ್ತು 2.5. 0.75ಕ್ಕೆ ಏರಿದರೆ 2.5 ಮತ್ತು 8.5. 0.9ರಲ್ಲಿ 5.5 ಮತ್ತು 50.5. ಟೇಬಲಿನಲ್ಲಿ ನೂರಕ್ಕೆ ಹತ್ತು ಮನೆಗಳು ಇನ್ನೂ ಖಾಲಿ ಇರುವಾಗಲೇ, ಹೊಸದೊಂದು ಕೀಗೆ ಜಾಗ ಹುಡುಕಲು ಸರಾಸರಿ ಐವತ್ತು ಮನೆಗಳ ಬಾಗಿಲು ತಟ್ಟಬೇಕಾಗುತ್ತದೆ. ಅಕ್ಕಪಕ್ಕದ ತುಂಬಿದ ಮನೆಗಳು ಒಂದಕ್ಕೊಂದು ಸೇರಿ ಉದ್ದ ಸಾಲಾಗುವುದೂ, ಸಾಲು ಉದ್ದವಾದಷ್ಟೂ ಹೊಸ ಕೀ ಅದರೊಳಗೇ ಬಂದು ಬಿದ್ದು ಅದನ್ನು ಇನ್ನೂ ಉದ್ದ ಮಾಡುವುದೂ ಇದಕ್ಕೆ ಕಾರಣ. ನಾನು ಮಿತಿಯನ್ನು 0.75 ಎಂದು ಇಟ್ಟುಕೊಂಡೆ. 0.5 ಇನ್ನೂ ಸುರಕ್ಷಿತ, ಆದರೆ ಅರ್ಧ ಟೇಬಲ್ ಸದಾ ಖಾಲಿ ಬಿದ್ದಿರುತ್ತದೆ.

ಎರಡು ಅಂಕದ ಉತ್ತರಕ್ಕೆ ನಾನು ಬರೆದುಕೊಂಡದ್ದು ಹೀಗಿದೆ: ‘ಲೋಡ್ ಫ್ಯಾಕ್ಟರ್ ಎಂದರೆ ಟೇಬಲಿನಲ್ಲಿರುವ ಕೀಗಳ ಸಂಖ್ಯೆಗೂ ಮನೆಗಳ ಸಂಖ್ಯೆಗೂ ಇರುವ ಅನುಪಾತ, `α = n/m`. ಕೀಗಳನ್ನೆಲ್ಲ ಟೇಬಲಿನ ಮನೆಗಳಲ್ಲೇ ಇಡುವ ಓಪನ್ ಅಡ್ರೆಸಿಂಗ್‌ನಲ್ಲಿ ಇದು 1ನ್ನು ಮೀರಲಾರದು, ಮತ್ತು 1ನ್ನು ಸಮೀಪಿಸಿದಂತೆ ಪ್ರೋಬ್‌ಗಳ ಸಂಖ್ಯೆ ತೀವ್ರವಾಗಿ ಏರುತ್ತದೆ. ಒಂದೇ ಮನೆಗೆ ಬಂದ ಕೀಗಳನ್ನು ಸರಪಳಿಯಾಗಿ ಜೋಡಿಸುವ ಚೈನಿಂಗ್‌ನಲ್ಲಿ ಇದು ಸರಪಳಿಗಳ ಸರಾಸರಿ ಉದ್ದ, 1ಕ್ಕಿಂತ ಹೆಚ್ಚೂ ಆಗಬಹುದು.’ ಅನುಪಾತವನ್ನು ತಲೆಕೆಳಗಾಗಿ `m/n` ಎಂದು ಬರೆಯುವ ತಪ್ಪನ್ನು ತಡೆಯಲು, ‘ತುಂಬಿದಷ್ಟೂ ಏರಬೇಕು’ ಎಂದು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡರೆ ಸಾಕು.

ಎರಡನೆಯ ಹಂತ: ಟೇಬಲನ್ನು ಬೆಳೆಸುವುದು

ಮಿತಿ ಮೀರಿದಾಗ ದೊಡ್ಡ ಟೇಬಲಿಗೆ ಹೋಗುವ ಏರ್ಪಾಡನ್ನು ಸೇರಿಸಲು ಹೊರಟಾಗ ನಾನೇ ಎರಡು ತಪ್ಪು ಮಾಡಿದೆ. ಎರಡನ್ನೂ ಬರೆಯುವುದು ಅಗತ್ಯ.

ಮೊದಲನೆಯದು ಸಿ ಭಾಷೆಗೆ ಸೇರಿದ್ದು. `float lf = n / m;` ಎಂದು ಬರೆದು, ಅದು 0.75ಕ್ಕಿಂತ ಹೆಚ್ಚಾದರೆ ಬೆಳೆಸು ಎಂದಿದ್ದೆ. ಟೇಬಲ್ ಬೆಳೆಯಲೇ ಇಲ್ಲ. `n`, `m` ಎರಡೂ ಪೂರ್ಣಾಂಕಗಳಾದುದರಿಂದ ಭಾಗಾಕಾರವೂ ಪೂರ್ಣಾಂಕದ್ದೇ ಆಗಿ, ಟೇಬಲ್ ಪೂರ್ತಿ ತುಂಬುವವರೆಗೆ ಉತ್ತರ ಸೊನ್ನೆಯಾಗಿಯೇ ಉಳಿಯುತ್ತಿತ್ತು. ಫಲಿತಾಂಶವನ್ನು `float`ನಲ್ಲಿ ಇಟ್ಟುಕೊಂಡರೂ ಅಷ್ಟರಲ್ಲಿ ದಶಮಾಂಶ ಕಳೆದುಹೋಗಿರುತ್ತದೆ. ಲೋಡ್ ಫ್ಯಾಕ್ಟರನ್ನು ಪ್ರತಿ ಬಾರಿ ಮುದ್ರಿಸಿ ನೋಡಿದಾಗ `0.00` ಎಂಬ ಸಾಲು ಇದನ್ನು ತೋರಿಸಿಕೊಟ್ಟಿತು. ಭಾಗಾಕಾರವನ್ನೇ ಬಿಟ್ಟು, ಸೇರಿಸುವ ಮೊದಲು `if (4 * (n + 1) > 3 * m) rehash();` ಎಂದು ಗುಣಾಕಾರದಿಂದ ಪರೀಕ್ಷಿಸಿದೆ.

ಎರಡನೆಯ ತಪ್ಪು ಹೆಚ್ಚು ಕಲಿಸಿತು. ಹೊಸ ದೊಡ್ಡ ಅರೇಯನ್ನು ಪಡೆದು ಹಳೆಯದರ ಮನೆಗಳನ್ನು ಇದ್ದ ಹಾಗೆಯೇ ಅದರ ಮೊದಲ ಭಾಗಕ್ಕೆ ನಕಲು ಮಾಡಿದ್ದೆ. ಏನಾಯಿತೆಂಬುದು ಸಣ್ಣ ಉದಾಹರಣೆಯಲ್ಲಿ ಸ್ಪಷ್ಟವಾಗುತ್ತದೆ. `m = 7` ಇರುವ ಟೇಬಲಿಗೆ 1000, 1010, 1024, 1020, 1013 ಎಂಬ ಕೀಗಳನ್ನು ಈ ಕ್ರಮದಲ್ಲಿ ಸೇರಿಸೋಣ. 1000ಕ್ಕೆ ಶೇಷ 6, 1010ಕ್ಕೆ 2. 1024ರ ಶೇಷವೂ 2 ಆಗಿರುವುದರಿಂದ ಅದು 3ನೆಯ ಮನೆಗೆ ಸರಿಯುತ್ತದೆ. 1020 ತನ್ನ ಮೂಲ ಮನೆಯಾದ 5ರಲ್ಲಿ ನಿಲ್ಲುತ್ತದೆ. 1013ರ ಶೇಷ 5. ಅಲ್ಲಿ 1020 ಇದೆ, 6ರಲ್ಲಿ 1000 ಇದೆ, ಹೀಗಾಗಿ ಸುತ್ತಿಕೊಂಡು 0ಗೆ ಬರುತ್ತದೆ. ಈಗ `α = 5/7`, ಸುಮಾರು 0.71. ಆರನೆಯ ಕೀ 1030 ಬಂದರೆ 6/7 ಆಗಿ ಮಿತಿ ಮೀರುತ್ತದೆ, ಆದುದರಿಂದ ಅದನ್ನು ಸೇರಿಸುವ ಮೊದಲೇ ಟೇಬಲ್ ಬೆಳೆಯಬೇಕು. ಎರಡರಷ್ಟು ಎಂದರೆ 14, ಅದರ ನಂತರದ ಅವಿಭಾಜ್ಯ ಸಂಖ್ಯೆ 17.

ಇದ್ದ ಹಾಗೆಯೇ ನಕಲು ಮಾಡಿದ ಟೇಬಲಿನಲ್ಲಿ 1010 ಇನ್ನೂ 2ನೆಯ ಮನೆಯಲ್ಲಿದೆ. ಆದರೆ ಹುಡುಕಾಟ ಈಗ 17ರಿಂದ ಭಾಗಿಸುತ್ತದೆ. 1010ರ ಶೇಷ 7, ಆ ಮನೆ ಖಾಲಿ, ಉತ್ತರ ‘ಇಲ್ಲ’. 1000ಕ್ಕೆ 14ನೆಯ ಮನೆಯೂ, 1024ಕ್ಕೆ 4ನೆಯದೂ, 1013ಕ್ಕೆ 10ನೆಯದೂ ಖಾಲಿ. 1020ರ ಶೇಷ 0. ಅಲ್ಲಿ 1013 ಕುಳಿತಿದೆ, ಮುಂದಿನ ಮನೆ ಖಾಲಿ, ಅದೂ ‘ಇಲ್ಲ’. ಐದಕ್ಕೆ ಐದೂ ಕೀಗಳು ಅರೇಯಲ್ಲಿ ಕಣ್ಣೆದುರಿಗೇ ಇದ್ದರೂ ಒಂದೂ ಸಿಗುವುದಿಲ್ಲ. ಟೇಬಲನ್ನು ಮುದ್ರಿಸಿದರೆ ಎಲ್ಲವೂ ಸರಿಯಾಗಿ ಕಾಣುವುದರಿಂದ ಈ ದೋಷ ತಿಳಿಯುವುದು ಹುಡುಕಿದಾಗ ಮಾತ್ರ. ಬೆಳೆಸಿದ ಕೂಡಲೇ ಹಳೆಯ ಪ್ರತಿ ಕೀಯನ್ನೂ ಒಮ್ಮೆ ಹುಡುಕಿ ನೋಡುವುದು ಇದಕ್ಕೆ ಸರಿಯಾದ ಪರೀಕ್ಷೆ.

ಮನೆಯ ಸಂಖ್ಯೆ ಕೀಯಿಂದ ಮಾತ್ರ ಬಂದುದಲ್ಲ, ಕೀ ಮತ್ತು `m` ಎರಡರಿಂದಲೂ ಬಂದುದು. `m` ಬದಲಾದ ಕ್ಷಣದಲ್ಲಿ ಹಳೆಯ ವಿಳಾಸಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ. ಆದುದರಿಂದಲೇ ಈ ಕೆಲಸದ ಹೆಸರು ನಕಲು ಎಂದಲ್ಲ, ರೀಹ್ಯಾಶಿಂಗ್ ಎಂದು. ಸರಿಪಡಿಸಿದ ಕೋಡ್ ಇದು:

```c
void rehash(void) {
    int *old = ht, oldm = m;
    m = next_prime(2 * oldm);
    ht = malloc(m * sizeof *ht);
    for (int i = 0; i < m; i++) ht[i] = -1;
    n = 0;
    for (int i = 0; i < oldm; i++)
        if (old[i] >= 0) insert(old[i]);
    free(old);
}
```

ಹಳೆಯ ಟೇಬಲನ್ನು 0ಯಿಂದ ನೋಡುತ್ತ ಹೋದರೆ 1013 ಹತ್ತನೆಯ ಮನೆಗೆ, 1010 ಏಳಕ್ಕೆ, 1024 ನಾಲ್ಕಕ್ಕೆ, 1020 ಸೊನ್ನೆಗೆ, 1000 ಹದಿನಾಲ್ಕಕ್ಕೆ ಹೋಗುತ್ತವೆ. ಹಳೆಯ ಟೇಬಲಿನಲ್ಲಿ ಡಿಕ್ಕಿಯಾಗಿದ್ದ 1010 ಮತ್ತು 1024 ಈಗ ದೂರವಾದವು. ನಂತರ ಬರುವ 1030ರ ಶೇಷ 10 ಆದುದರಿಂದ ಅದು 1013ಕ್ಕೆ ಎದುರಾಗಿ 11ರಲ್ಲಿ ನಿಲ್ಲುತ್ತದೆ. ರೀಹ್ಯಾಶಿಂಗ್ ಹಳೆಯ ಡಿಕ್ಕಿಗಳನ್ನು ಬಿಡಿಸಬಹುದು, ಹೊಸದು ಆಗದಂತೆ ತಡೆಯಲಾರದು. ಲೋಡ್ ಫ್ಯಾಕ್ಟರ್ ಮಾತ್ರ 6/17ಕ್ಕೆ, ಎಂದರೆ ಸುಮಾರು 0.35ಕ್ಕೆ ಇಳಿದಿದೆ.

ಇಲ್ಲಿ ವೆಚ್ಚದ ಮಾತನ್ನೂ ಸೇರಿಸಬೇಕು. ಒಂದು ಬಾರಿಯ ರೀಹ್ಯಾಶಿಂಗ್‌ನಲ್ಲಿ ಇರುವ ಎಲ್ಲ ಕೀಗಳನ್ನೂ ಮತ್ತೆ ಸೇರಿಸಬೇಕಾದುದರಿಂದ ಅದು `O(n)`. ಆದರೆ ಪ್ರತಿ ಸಲ ಗಾತ್ರ ಎರಡರಷ್ಟಾಗುವುದರಿಂದ ಅದು ಅಪರೂಪವಾಗುತ್ತ ಹೋಗುತ್ತದೆ. ಸಾಗಿಸಿದ ಕೀಗಳ ಒಟ್ಟು ಲೆಕ್ಕ ಹಿಂದಕ್ಕೆ ಹಿಂದಕ್ಕೆ ಅರ್ಧವಾಗುವ ಶ್ರೇಢಿಯಾಗಿ, ಕೊನೆಯ ಸಲ ಸಾಗಿಸಿದ್ದರ ಎರಡು ಪಟ್ಟಿನೊಳಗೇ ನಿಲ್ಲುತ್ತದೆ. ಹೀಗಾಗಿ ಸೇರಿಸುವ ವೆಚ್ಚ ಅಮಾರ್ಟೈಸ್ಡ್ ಲೆಕ್ಕದಲ್ಲಿ, ಎಂದರೆ ಒಟ್ಟು ವೆಚ್ಚವನ್ನು ಎಲ್ಲ ಕೀಗಳಿಗೂ ಹಂಚಿದಾಗ, `O(1)` ಆಗಿಯೇ ಉಳಿಯುತ್ತದೆ. ಎರಡರಷ್ಟು ಮಾಡುವ ಬದಲು ಪ್ರತಿ ಸಲ ಹತ್ತು ಮನೆಗಳನ್ನಷ್ಟೇ ಕೂಡಿಸಿದ್ದರೆ ಒಟ್ಟು ಸಾಗಾಣಿಕೆ `n`ನ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತಿತ್ತು. ಉತ್ತರ ಪತ್ರಿಕೆಗೆ: ‘ಲೋಡ್ ಫ್ಯಾಕ್ಟರ್ ನಿಗದಿತ ಮಿತಿಯನ್ನು ಮೀರಿದಾಗ, ಸುಮಾರು ಎರಡರಷ್ಟು ಗಾತ್ರದ ಹೊಸ ಟೇಬಲನ್ನು ರಚಿಸಿ, ಹೊಸ `m` ಬಳಸಿ ಪ್ರತಿ ಕೀಯ ಹ್ಯಾಶ್ ಮೌಲ್ಯವನ್ನು ಮತ್ತೆ ಕಂಡುಹಿಡಿದು ಸೇರಿಸುವುದನ್ನು ರೀಹ್ಯಾಶಿಂಗ್ ಎನ್ನುತ್ತಾರೆ.’ ‘ಮತ್ತೆ ಕಂಡುಹಿಡಿದು’ ಎಂಬ ಎರಡು ಪದಗಳನ್ನು ಬಿಡಬಾರದು. ಪ್ರಶ್ನೆಯ ತಿರುಳೇ ಅಲ್ಲಿದೆ.

ಅಳಿಸುವ ಸೌಲಭ್ಯವಿದ್ದರೆ ಇನ್ನೊಂದು ಎಚ್ಚರ ಬೇಕು. ಏಳು ಮನೆಯ ಟೇಬಲಿನಲ್ಲಿ 1010ನ್ನು ಅಳಿಸಿ ಅಲ್ಲಿ -1 ಇಟ್ಟರೆ, 1024ರ ಹುಡುಕಾಟ 2ನೆಯ ಮನೆಯಲ್ಲೇ ನಿಂತು ‘ಇಲ್ಲ’ ಎನ್ನುತ್ತದೆ. ಅಳಿಸಿದ ಮನೆಗೆ -2 ಎಂಬ ಬೇರೆ ಗುರುತನ್ನು ಇಡಬೇಕು. ಅಂಥ ಮನೆಗಳೂ ಹುಡುಕಾಟವನ್ನು ಉದ್ದ ಮಾಡುವುದರಿಂದ, ಮಿತಿಯನ್ನು ಪರೀಕ್ಷಿಸುವಾಗ ಅವುಗಳನ್ನೂ ಎಣಿಕೆಗೆ ಸೇರಿಸಬೇಕು. ಮೇಲಿನ `rehash` ಸೊನ್ನೆಗಿಂತ ಕಡಿಮೆಯವನ್ನು ಸಾಗಿಸುವುದಿಲ್ಲವಾದುದರಿಂದ ಆ ಗುರುತುಗಳೂ ಅಲ್ಲೇ ತೊಳೆದುಹೋಗುತ್ತವೆ.

ಮೂರನೆಯ ಹಂತ: ಖಾಲಿ ಇದ್ದರೂ ನಿಧಾನವಾದ ಟೇಬಲ್

ಇಷ್ಟಾದ ಮೇಲೆ ಮೂಲದ ನೂರು ಮನೆಯ ಟೇಬಲಿಗೆ ಮರಳಿ, ನೋಡಿದ ಮನೆಗಳನ್ನು ಎಣಿಸುವ ಒಂದು ಕೌಂಟರನ್ನು ಹಾಕಿದೆ. ಉದ್ಯೋಗಿ ಸಂಖ್ಯೆಗಳನ್ನು ಮಧ್ಯೆ ಜಾಗ ಬಿಟ್ಟು ಹತ್ತರ ಅಂತರದಲ್ಲಿ ಕೊಡುವ ರೂಢಿಯಿದೆ ಎಂದು ಇಟ್ಟುಕೊಂಡು 1000, 1010, 1020 ಎಂದು 1390ರವರೆಗೆ ನಲವತ್ತು ಕೀಗಳನ್ನು ಕೊಟ್ಟೆ. ಲೋಡ್ ಫ್ಯಾಕ್ಟರ್ ಕೇವಲ 0.4. ಸೂತ್ರದ ಪ್ರಕಾರ ಸರಾಸರಿ 1.33 ಬರಬೇಕು. ಕೌಂಟರ್ ತೋರಿಸಿದ್ದು ಒಟ್ಟು 100, ಎಂದರೆ ಸರಾಸರಿ 2.5. ಅರವತ್ತು ಮನೆಗಳು ಖಾಲಿ ಇರುವ ಟೇಬಲ್ ಮುಕ್ಕಾಲು ತುಂಬಿದ ಟೇಬಲಿನ ಹಾಗೆ ನಡೆದುಕೊಳ್ಳುತ್ತಿತ್ತು.

ಕಾರಣ ಟೇಬಲನ್ನು ಮುದ್ರಿಸಿದೊಡನೆ ಕಂಡಿತು. ನೂರರಿಂದ ಭಾಗಿಸಿದಾಗ ಉಳಿಯುವುದು ಕೊನೆಯ ಎರಡು ಅಂಕಿ. ಹತ್ತರ ಅಂತರದ ಕೀಗಳಿಗೆ ಅವು 00, 10, 20 ಎಂದು 90ರವರೆಗೆ ಹತ್ತೇ ಬಗೆ. ಮೊದಲ ಹತ್ತು ಕೀಗಳು ಮೂಲ ಮನೆಗಳಲ್ಲಿ ಕುಳಿತವು. 1100ರಿಂದ ಬಂದ ಹತ್ತು ಕೀಗಳು ಎರಡನೆಯ ಪ್ರಯತ್ನದಲ್ಲಿ, ಮುಂದಿನ ಹತ್ತು ಮೂರನೆಯದರಲ್ಲಿ, ಕೊನೆಯ ಹತ್ತು ನಾಲ್ಕನೆಯದರಲ್ಲಿ. 10 × (1 + 2 + 3 + 4) = 100. ಯಾವ ಕೀಗೂ ಮೂಲ ಮನೆಯಾಗದ ತೊಂಬತ್ತು ಸ್ಥಾನಗಳು ಟೇಬಲಿನಲ್ಲಿದ್ದವು.

ಗಾತ್ರವನ್ನು 200 ಮಾಡಿ ನೋಡಿದೆ. ಮೂಲ ಮನೆಗಳು ಇಪ್ಪತ್ತಾದವು, ಪ್ರತಿಯೊಂದಕ್ಕೂ ಎರಡು ಕೀಗಳು, ಒಟ್ಟು 60 ಪ್ರೋಬ್, ಸರಾಸರಿ 1.5. ಲೋಡ್ ಫ್ಯಾಕ್ಟರ್ 0.2 ಇರುವಾಗ ಸೂತ್ರ ಹೇಳುವುದು 1.125. ಮೆಮೊರಿ ಎರಡರಷ್ಟು ಕೊಟ್ಟರೂ ರೋಗ ಹೋಗಲಿಲ್ಲ, ಏಕೆಂದರೆ ರೋಗ ತುಂಬುವಿಕೆಯದ್ದಲ್ಲ.

ನಂತರ `m` ಅನ್ನು 97ಕ್ಕೆ ಇಳಿಸಿದೆ. ಎರಡು ಅಂಕಿಯ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಅದು. 1000 ಮೂವತ್ತನೆಯ ಮನೆಗೆ, 1010 ನಲವತ್ತಕ್ಕೆ, ಹಾಗೆಯೇ 1060 ತೊಂಬತ್ತಕ್ಕೆ ಹೋದವು. 1070ರ ಶೇಷ 3. ಅಲ್ಲಿಂದ ಎರಡನೆಯ ಸುತ್ತು 3, 13, 23 ಎಂದು ಸಾಗಿತು. ಮೂರನೆಯ ಸುತ್ತು 6ರಿಂದ, ನಾಲ್ಕನೆಯದು 9ರಿಂದ, ಐದನೆಯದು 2ರಿಂದ ಶುರುವಾಯಿತು. ಪ್ರತಿ ಸುತ್ತೂ ಹಿಂದಿನದರ ಸಂದುಗಳಲ್ಲಿ ಬಿದ್ದು, ನಲವತ್ತೂ ಕೀಗಳು ನಲವತ್ತು ಬೇರೆ ಬೇರೆ ಮನೆಗಳಲ್ಲಿ ಕುಳಿತವು. ಕೌಂಟರ್ 40, ಸರಾಸರಿ ನೇರವಾಗಿ 1. ಮೂರು ಮನೆ ಕಡಿಮೆ ಮಾಡಿದ ಟೇಬಲ್ ನೂರು ಹೆಚ್ಚಿಸಿದ ಟೇಬಲಿಗಿಂತ ಚೆನ್ನಾಗಿ ಕೆಲಸ ಮಾಡಿತು.

ಇದರ ಹಿಂದಿರುವ ಗಣಿತ ಚಿಕ್ಕದು. ಕೀಗಳು `d` ಅಂತರದಲ್ಲಿ ಬಂದರೆ ಅವು ಮುಟ್ಟಬಲ್ಲ ಮೂಲ ಮನೆಗಳು `m / gcd(d, m)` ಮಾತ್ರ. `m = 100`, `d = 10` ಆದಾಗ ಮಹತ್ತಮ ಸಾಮಾನ್ಯ ಅಪವರ್ತನ 10, ಮನೆಗಳು ಹತ್ತು. `d = 25` ಆದರೆ ನಾಲ್ಕೇ ಮನೆ. `m` ಅವಿಭಾಜ್ಯವಾಗಿದ್ದರೆ ಅದಕ್ಕೆ 1 ಮತ್ತು ತಾನು ಬಿಟ್ಟರೆ ಬೇರೆ ಅಪವರ್ತನವಿಲ್ಲ; ಹೀಗಾಗಿ `d` ಎಂಬುದು `m`ನದೇ ಗುಣಕವಾಗದ ಹೊರತು ಸಾಮಾನ್ಯ ಅಪವರ್ತನ 1 ಆಗಿ, ಎಲ್ಲ ಮನೆಗಳೂ ಬಳಕೆಗೆ ಬರುತ್ತವೆ. ಮನುಷ್ಯರು ಕೊಡುವ ಸಂಖ್ಯೆಗಳಲ್ಲಿ 2, 5, 10, 100ರ ಅಂತರಗಳು ಸಾಮಾನ್ಯ, 97ರ ಅಂತರ ಅಪರೂಪ. ಅವಿಭಾಜ್ಯ ಗಾತ್ರದ ಲಾಭ ನಿಂತಿರುವುದು ಈ ಸಂಗತಿಯ ಮೇಲೆ.

ಈ ಲಾಭದ ಮಿತಿಯನ್ನೂ ಪರೀಕ್ಷಿಸಿದೆ. 1000, 1097, 1194 ಎಂದು 97ರ ಅಂತರದಲ್ಲಿ ಕೊಟ್ಟರೆ ಎಲ್ಲವೂ ಮೂವತ್ತನೆಯ ಮನೆಗೇ ಬಂದು ಸಾಲುಗಟ್ಟುತ್ತವೆ. ಇನ್ನೊಂದು ಕಡೆ, ಯಾವ ಕ್ರಮವೂ ಇಲ್ಲದ ಕೀಗಳಿಗೆ 100 ಮತ್ತು 97ರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಆದುದರಿಂದ ‘ಅವಿಭಾಜ್ಯ ಗಾತ್ರದಿಂದ ಡಿಕ್ಕಿಗಳು ಆಗುವುದಿಲ್ಲ’ ಎಂಬ ಉತ್ತರ ತಪ್ಪು. ನಾನು ಬರೆಯುವ ಉತ್ತರ: ‘ಭಾಗಾಕಾರ ವಿಧಾನದಲ್ಲಿ ಕೀಗಳ ಅಂತರಕ್ಕೂ `m`ಗೂ ಸಾಮಾನ್ಯ ಅಪವರ್ತನವಿದ್ದರೆ ಕೆಲವೇ ಮನೆಗಳು ಬಳಕೆಯಾಗುತ್ತವೆ. `m` ಅವಿಭಾಜ್ಯವಾದರೆ ಇಂಥ ಸಾಮಾನ್ಯ ಅಪವರ್ತನದ ಸಾಧ್ಯತೆ ಬಹಳ ಕಡಿಮೆಯಾಗಿ, ಕ್ರಮಬದ್ಧವಾದ ಕೀಗಳೂ ಟೇಬಲಿನ ಉದ್ದಕ್ಕೂ ಹರಡುತ್ತವೆ.’ ಜೊತೆಗೆ 100, 97 ಮತ್ತು ಹತ್ತರ ಅಂತರದ ಉದಾಹರಣೆ ಒಂದು ಸಾಲಿನಲ್ಲಿ.

ಡಬಲ್ ಹ್ಯಾಶಿಂಗ್ ಕೇಳಿದ್ದರೆ ಇನ್ನೊಂದು ಕಾರಣ ಸೇರುತ್ತದೆ. ಅಲ್ಲಿ ಹೆಜ್ಜೆಯ ಉದ್ದ ಕೀಯಿಂದ ಕೀಗೆ ಬದಲಾಗುತ್ತದೆ. ಹತ್ತು ಮನೆಯ ಟೇಬಲಿನಲ್ಲಿ 3ರಿಂದ ಹೊರಟು ನಾಲ್ಕರ ಹೆಜ್ಜೆ ಇಟ್ಟರೆ 3, 7, 1, 5, 9 ಆದ ಮೇಲೆ ಮತ್ತೆ 3; ಉಳಿದ ಐದು ಮನೆಗಳು ಖಾಲಿ ಇದ್ದರೂ ಆ ಕೀಗೆ ಸಿಗುವುದಿಲ್ಲ. ಹನ್ನೊಂದು ಮನೆಯ ಟೇಬಲಿನಲ್ಲಿ 1ರಿಂದ 10ರವರೆಗಿನ ಯಾವ ಹೆಜ್ಜೆಯೂ ಎಲ್ಲ ಮನೆಗಳನ್ನೂ ಮುಟ್ಟುತ್ತದೆ.

ಆದರೆ ಅವಿಭಾಜ್ಯ ಗಾತ್ರ ಎಲ್ಲೆಡೆಯೂ ಇರಲೇಬೇಕಾದ ನಿಯಮವಲ್ಲ. ಜಾವಾದ `HashMap` 16ರಿಂದ ಶುರುವಾಗಿ ಸದಾ ಎರಡರ ಘಾತಗಳಲ್ಲೇ ಬೆಳೆಯುತ್ತದೆ. ಭಾಗಾಕಾರದ ಬದಲು ಕೆಳಗಿನ ಬಿಟ್‌ಗಳನ್ನಷ್ಟೇ ತೆಗೆದುಕೊಳ್ಳುವುದು ಅಗ್ಗ, ಮತ್ತು ಮೇಲಿನ ಬಿಟ್‌ಗಳು ವ್ಯರ್ಥವಾಗದಂತೆ ಅದು ಮೊದಲೇ `h ^ (h >>> 16)` ಎಂದು ಅವುಗಳನ್ನು ಕೆಳಗಿನವಕ್ಕೆ ಬೆರೆಸುತ್ತದೆ. ಹರಡುವ ಕೆಲಸವನ್ನು ಹ್ಯಾಶ್ ಫಂಕ್ಷನ್ನೇ ಮಾಡಿದರೆ ಗಾತ್ರದ ಮೇಲೆ ಆ ಹೊರೆ ಬೀಳುವುದಿಲ್ಲ. ನಮ್ಮ `K mod m`ನಲ್ಲಿ ಬೆರೆಸುವುದು ಏನೂ ಇಲ್ಲ, ಆದುದರಿಂದ ಹೊರೆ ಪೂರ್ತಿ `m`ನ ಮೇಲೆಯೇ ಇದೆ. ಜಾವಾದ ಹಳೆಯ `Hashtable` 11 ಎಂಬ ಅವಿಭಾಜ್ಯದಿಂದ ಶುರುವಾಗಿ ಪ್ರತಿ ಸಲ ಎರಡರಷ್ಟಕ್ಕೆ ಒಂದು ಕೂಡಿಸುತ್ತದೆ: 23, 47, ಆಮೇಲೆ 95. 95 ಎಂದರೆ 5 × 19, ಅವಿಭಾಜ್ಯವಲ್ಲ. ಇದನ್ನು ನೋಡಿದ ಮೇಲೆ ನಾನು `2m + 1` ಎಂಬ ಸುಲಭ ದಾರಿಯನ್ನು ಬಿಟ್ಟು, `next_prime` ಫಂಕ್ಷನ್ನನ್ನು ಉಳಿಸಿಕೊಂಡೆ. ಏಳರಿಂದ ಶುರು ಮಾಡಿದರೆ ಅದು 17, 37, 79, 163 ಎಂದು ಕೊಡುತ್ತದೆ. ವರ್ಗಮೂಲದವರೆಗೆ ಭಾಗಿಸಿ ನೋಡುವ ಸರಳ ವಿಧಾನವೇ ಸಾಕು. ಅದು ನಡೆಯುವುದು ರೀಹ್ಯಾಶಿಂಗ್ ಆಗುವಾಗ ಮಾತ್ರ.

ಈಗ ನನ್ನ ಬಳಿ ಎರಡು ಪ್ರತಿಗಳಿವೆ. ಲ್ಯಾಬಿನ ಪ್ರತಿಯಲ್ಲಿ ವಿಳಾಸ ಎರಡು ಅಂಕಿಯನ್ನು ಮೀರಬಾರದು. ಆದುದರಿಂದ `m` 97ರಲ್ಲೇ ನಿಂತು, 72 ದಾಖಲೆಗಳಾದ ಮೇಲೆ ಟೇಬಲ್ ಮಿತಿ ತಲುಪಿದೆ ಎಂದು ತಿಳಿಸಿ ಹೊಸದನ್ನು ನಿರಾಕರಿಸುತ್ತದೆ. ನನ್ನ ಸ್ವಂತದ ಪ್ರತಿಯಲ್ಲಿ 73ನೆಯ ಕೀ 1720 ಬಂದಾಗ 4 × 73 = 292, 3 × 97 = 291 ಆಗಿ ಪರೀಕ್ಷೆ ನಿಜವಾಗುತ್ತದೆ, ಟೇಬಲ್ 197ಕ್ಕೆ ಬೆಳೆಯುತ್ತದೆ, ಹಳೆಯ 72 ಕೀಗಳು ಹೊಸ ಮನೆಗಳಿಗೆ ಹೋಗುತ್ತವೆ, ಮತ್ತು 1720 ಒಂದೇ ಪ್ರೋಬಿನಲ್ಲಿ 144ನೆಯ ಮನೆಯಲ್ಲಿ ಕೂರುತ್ತದೆ.